ಸುಬಾಬುಲ್ ಒಂದೇ ಸಾಕಾ? ನಮ್ಮನೆ ಬಳಗದ ಗುಂಪಿನಲ್ಲಿ ನಡೆದ ವಾದ

ಮಂಜು (ಹಿರಿಯೂರು): ಎಲ್ಲರೂ ಈ ವಿಡಿಯೋ ನೋಡಿ. ಒಂದು ಎಕರೆ ಸುಬಾಬುಲ್ ಹಾಕಿ, ಬೆಳಗ್ಗೆ ಸಂಜೆ ಅದನ್ನೇ ಕಡಿದು ಮೇಕೆಗೆ ಹಾಕುತ್ತಾರೆ. ಹಿಂಡಿ ಇಲ್ಲ, ಬೇರೆ ಮೇವೂ ಇಲ್ಲ. ನನ್ನ ಬದುವಿನಲ್ಲಿ ಸುಬಾಬುಲ್ ತಾನಾಗೇ ಬೆಳೆದು ನಿಂತಿದೆ. ಮುಂದಿನ ವಾರದಿಂದ ಹಿಂಡಿ ನಿಲ್ಲಿಸುತ್ತೇನೆ.

ತಿಪ್ಪೇಸ್ವಾಮಿ ಮಾವ (ಹೊಸದುರ್ಗ): ಬೇಡ ಮಂಜ. ಅದು ವಿಷ. ನಮ್ಮ ಪಕ್ಕದ ಹೊಲದವರು ಒಂದು ಬೇಸಿಗೆ ಪೂರ್ತಿ ಅದನ್ನೇ ಹಾಕಿದರು. ಮೇಕೆ ಮೈ ಮೇಲಿನ ಕೂದಲು ಹಿಡಿದು ಎಳೆದರೆ ಕೈಗೆ ಬರುತ್ತಿತ್ತು. ಹುಟ್ಟಿದ ಮರಿಗಳಿಗೆ ಗಂಟಲಲ್ಲಿ ಊತ. ಆ ಗಿಡ ಕಿತ್ತು ಹಾಕು.

ಮಂಜು: ಮಾವ, ವಿಡಿಯೋದಲ್ಲಿರೋ ಮೇಕೆಗಳು ಮಿರಮಿರ ಮಿಂಚುತ್ತಿವೆ. ವಿಷ ಆಗಿದ್ದರೆ ಅವು ಹೇಗೆ ಹಾಗಿರುತ್ತವೆ?

ಗಿರಿಜಕ್ಕ (ಚಳ್ಳಕೆರೆ): ಇಬ್ಬರೂ ನೋಡಿದ್ದು ನಿಜ. ಆದರೆ ಇಬ್ಬರ ತೀರ್ಮಾನವೂ ನನಗೆ ಒಪ್ಪಿಗೆ ಇಲ್ಲ. ಸುಬಾಬುಲ್ ಸೊಪ್ಪನ್ನು ಒಣಗಿಸಿ ತೂಗಿದರೆ ನೂರರಲ್ಲಿ 20ರಿಂದ 25 ಭಾಗ ಪ್ರೋಟೀನ್. ಒಣ ಸಪ್ಪೆಯಲ್ಲಿ 5 ಭಾಗ ಇದ್ದರೆ ಹೆಚ್ಚು. ಅಂಥ ಮೇವು ಬದುವಿನಲ್ಲೇ ಇದ್ದಾಗ ಕಿತ್ತು ಹಾಕೋದು ತಪ್ಪು ಮಾವ. ಅದೇ ಸೊಪ್ಪಿನಲ್ಲಿ ಮಿಮೋಸಿನ್ ಅನ್ನೋ ವಿಷದ ಅಂಶವೂ ಇದೆ. ಅದನ್ನು ಮರೆತು ಅದೊಂದನ್ನೇ ಹಾಕೋದೂ ತಪ್ಪು ಮಂಜು. ನನ್ನ ಲೆಕ್ಕ ಇಷ್ಟೇ: ಮೇಕೆ ತಿನ್ನೋ ಒಟ್ಟು ಮೇವಿನಲ್ಲಿ, ಒಣ ತೂಕದಲ್ಲಿ, ಮೂರರಲ್ಲಿ ಒಂದು ಪಾಲು ಸುಬಾಬುಲ್. ಅದಕ್ಕಿಂತ ಜಾಸ್ತಿ ಬೇಡ.

ಮಂಜು: ಮೂರರಲ್ಲಿ ಒಂದು ಅಂದರೆ ದಿನಕ್ಕೆ ಎಷ್ಟು ಅಕ್ಕಾ? ಸೊಪ್ಪಿನ ಕಟ್ಟನ್ನು ತೂಗಿ ಹಾಕೋರು ಯಾರು?

ಗಿರಿಜಕ್ಕ: ಒಂದೇ ಸಲ ತೂಗು, ಆಮೇಲೆ ಕಣ್ಣಳತೆ ಸಾಕು. ನಿನ್ನ ಮೇಕೆ 30 ಕೆಜಿ ಅಂತ ಇಟ್ಟುಕೋ. ದಿನಕ್ಕೆ ಸುಮಾರು 1.2 ಕೆಜಿ ಒಣ ತೂಕದ ಮೇವು ತಿನ್ನುತ್ತದೆ. ಅದರ ಮೂರನೇ ಒಂದು ಪಾಲು 400 ಗ್ರಾಂ. ಹಸಿ ಸುಬಾಬುಲ್ ಸೊಪ್ಪಿನಲ್ಲಿ ನೂರರಲ್ಲಿ 70 ಭಾಗದ ಹತ್ತಿರ ನೀರೇ. ಹಾಗಾಗಿ 400 ಗ್ರಾಂ ಒಣ ಸೊಪ್ಪು ಅಂದರೆ ಹಸಿ ಸೊಪ್ಪು 1.2ರಿಂದ 1.5 ಕೆಜಿ. ನಿನ್ನ ಹತ್ತಿರ 20 ಮೇಕೆ ಇದ್ದರೆ 25ರಿಂದ 30 ಕೆಜಿ. ಅದು ಎಲೆ ಮತ್ತು ಎಳೆ ಕಡ್ಡಿಯ ತೂಕ, ಕೊಂಬೆಯದಲ್ಲ. ಕಟ್ಟನ್ನು ತೂಗಿ ನೇತು ಹಾಕು. ಮೇಕೆ ತಿಂದು ಬಿಟ್ಟ ಕಡ್ಡಿಗಳನ್ನು ಮತ್ತೆ ತೂಗು. ಎರಡರ ನಡುವಿನ ವ್ಯತ್ಯಾಸವೇ ತಿಂದ ಸೊಪ್ಪು.

ಮಂಜು: ಅಷ್ಟರಿಂದ ಹಿಂಡಿ ಕೆಲಸ ಆಗುತ್ತದಾ?

ಗಿರಿಜಕ್ಕ: ಬಹಳ ಮಟ್ಟಿಗೆ ಆಗುತ್ತದೆ. 400 ಗ್ರಾಂ ಒಣ ಸೊಪ್ಪಿನಲ್ಲಿ 90 ಗ್ರಾಂ ಹತ್ತಿರ ಪ್ರೋಟೀನ್. ನೀನು ಚಳ್ಳಕೆರೆಯಿಂದ ತರೋ ಶೇಂಗಾ ಹಿಂಡಿಯಲ್ಲಿ ಅಷ್ಟೇ ಪ್ರೋಟೀನ್ ಬೇಕಾದರೆ 200 ಗ್ರಾಂ ಹಾಕಬೇಕು. ಆದರೆ ಸೊಪ್ಪಿನಲ್ಲಿ ಒಗರು ಇದೆ, ಅದು ಸ್ವಲ್ಪ ಪ್ರೋಟೀನನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಹಿಂಡಿಯಷ್ಟೇ ಸಲೀಸಾಗಿ ಎಲ್ಲವೂ ಮೈಗೆ ಹತ್ತೋದಿಲ್ಲ. ಉಳಿದ 800 ಗ್ರಾಂ ಮೆಕ್ಕೆಜೋಳದ ಸಪ್ಪೆ ಹಾಕಿದರೆ ಅದರಿಂದ ಇನ್ನು 35-40 ಗ್ರಾಂ. ಸಾಧಾರಣವಾಗಿ ಬೆಳೆಯೋ ಮೇಕೆಗೆ 100 ಗ್ರಾಂ ಹತ್ತಿರ ಬೇಕು. ಅದು ಆರಾಮಾಗಿ ಸಿಗುತ್ತದೆ. ಹಾಲು ಕೊಡೋದಕ್ಕೆ ಒಂದು ಹಿಡಿ ಮೆಕ್ಕೆಜೋಳದ ನುಚ್ಚೂ ಬೇಕು. ಶಕ್ತಿ ಕೊಡೋ ಕಾಳು ಜೊತೆಗಿಲ್ಲದೆ ಬರೀ ಪ್ರೋಟೀನ್ ಕೊಟ್ಟರೆ ಎಷ್ಟೋ ಪಾಲು ಮೂತ್ರದಲ್ಲಿ ಹೋಗಿಬಿಡುತ್ತದೆ. ನಮ್ಮ ದಾವಣಗೆರೆ ಚಿತ್ರದುರ್ಗ ಕಡೆ ಮೆಕ್ಕೆಜೋಳಕ್ಕೆ ಬರ ಇಲ್ಲವಲ್ಲ.

ತಿಪ್ಪೇಸ್ವಾಮಿ ಮಾವ: ಲೆಕ್ಕ ಎಲ್ಲ ಸರಿ ಗಿರಿಜ. ಹೆಚ್ಚು ಹಾಕಿದರೆ ವಿಷ, ಕಡಿಮೆ ಹಾಕಿದರೆ ಅಮೃತ ಅಂತಾ ಹೇಳ್ತಿಯಾ? ಹಾಗಿದ್ದರೆ ವಿಡಿಯೋದವನ ಮೇಕೆಗೆ ಯಾಕೆ ಏನೂ ಆಗಿಲ್ಲ?

ಸುಮಾ (ಶಿವಮೊಗ್ಗ): ತಾತ, ಇದಕ್ಕೆ ನಾನು ಹೇಳಲಾ? ನಮಗೆ ಇದನ್ನು ಪಾಠದಲ್ಲಿ ಹೇಳಿದ್ದಾರೆ. ಮಿಮೋಸಿನ್ ಮೇಕೆಯ ದೊಡ್ಡ ಹೊಟ್ಟೆಯಲ್ಲಿ ಡಿಎಚ್‌ಪಿ ಅನ್ನೋ ಇನ್ನೊಂದು ವಸ್ತುವಾಗಿ ಒಡೆಯುತ್ತದೆ. ಒಡೆಯದೆ ಉಳಿದ ಮಿಮೋಸಿನ್‌ನಿಂದ ಕೂದಲು ಉದುರುತ್ತದೆ. ಡಿಎಚ್‌ಪಿ ಥೈರಾಯ್ಡ್ ಗ್ರಂಥಿಯ ಕೆಲಸ ಕೆಡಿಸುತ್ತದೆ, ಅದರಿಂದಲೇ ಗಂಟಲ ಊತ. ಡಿಎಚ್‌ಪಿಯನ್ನೂ ಒಡೆದು ಪೂರ್ತಿ ನಿರಪಾಯ ಮಾಡೋ ಒಂದು ಬ್ಯಾಕ್ಟೀರಿಯಾ ಇದೆ. ಆಸ್ಟ್ರೇಲಿಯಾದ ರೇಮಂಡ್ ಜೋನ್ಸ್ ಅನ್ನೋ ವಿಜ್ಞಾನಿಗೆ ಒಂದು ಅನುಮಾನ ಬಂತು. ಆಸ್ಟ್ರೇಲಿಯಾದ ಜಾನುವಾರುಗಳಿಗೆ ಸುಬಾಬುಲ್‌ನಿಂದ ತೊಂದರೆ ಆಗುತ್ತಿತ್ತು, ಹವಾಯಿಯ ಮೇಕೆಗಳು ಅದೇ ಸೊಪ್ಪನ್ನು ಧಾರಾಳವಾಗಿ ತಿಂದರೂ ಏನೂ ಆಗುತ್ತಿರಲಿಲ್ಲ. ಆ ಮೇಕೆಗಳ ಹೊಟ್ಟೆಯ ಬ್ಯಾಕ್ಟೀರಿಯಾಗಳನ್ನು 1980ರ ದಶಕದಲ್ಲಿ ಆಸ್ಟ್ರೇಲಿಯಾಕ್ಕೆ ತಂದು ಅಲ್ಲಿನ ಜಾನುವಾರುಗಳಿಗೆ ಕೊಟ್ಟಾಗ ಅವಕ್ಕೂ ಸುಬಾಬುಲ್ ದಕ್ಕಿತು. 1992ರಲ್ಲಿ ಆ ಬ್ಯಾಕ್ಟೀರಿಯಾಕ್ಕೆ ಅವರ ಹೆಸರಿನ ಮೇಲೇ ಸಿನರ್ಜಿಸ್ಟಿಸ್ ಜೋನ್ಸೈ ಅಂತ ಹೆಸರಿಟ್ಟರು.

ಮಂಜು: ಹಾಗಾದರೆ ವಿಡಿಯೋದವರ ಮೇಕೆ ಹೊಟ್ಟೆಯಲ್ಲಿ ಅದು ಇರಬಹುದು. ನನ್ನದರಲ್ಲೂ ಇರಬಹುದು ಅಲ್ವಾ?

ಸುಮಾ: ಇರಬಹುದು ಮಂಜು ಮಾವ. ಆದರೆ ಕಣ್ಣಿಗೆ ಕಾಣೋದಲ್ಲ. ಇದ್ದರೂ ಸುಬಾಬುಲ್ ತಿನ್ನದ ಮೇಕೆಯಲ್ಲಿ ಸಂಖ್ಯೆ ಬಹಳ ಕಡಿಮೆ ಇರುತ್ತದೆ. ಸ್ವಲ್ಪ ಸ್ವಲ್ಪ ತಿನ್ನಿಸುತ್ತಾ ಹೋದರೆ ಸಂಖ್ಯೆ ಏರುತ್ತದೆ. ಒಮ್ಮೆಲೇ ಹೊಟ್ಟೆ ತುಂಬಾ ಹಾಕಿದರೆ ಅಷ್ಟರೊಳಗೆ ತೊಂದರೆ ಶುರುವಾಗುತ್ತದೆ. ಮಧ್ಯೆ ತಿಂಗಳುಗಟ್ಟಲೆ ಸುಬಾಬುಲ್ ನಿಲ್ಲಿಸಿ ಮತ್ತೆ ಶುರು ಮಾಡಿದರೆ, ಮತ್ತೆ ಮೊದಲಿನಿಂದ ಏರಿಸಬೇಕು.

ಗಿರಿಜಕ್ಕ: ಅದಕ್ಕೇ ನಾನು ಹೊಸ ಮೇಕೆ ಸಂತೆಯಿಂದ ತಂದರೆ ಮೊದಲ ವಾರ ಒಂದು ಹಿಡಿ ಮಾತ್ರ ಹಾಕೋದು. ಮೂರು ವಾರದಲ್ಲಿ ನಿಧಾನಕ್ಕೆ ಏರಿಸುತ್ತೇನೆ. ಹಳೇ ಮೇಕೆಗಳ ಜೊತೆಯಲ್ಲೇ ಕಟ್ಟುತ್ತೇನೆ.

ತಿಪ್ಪೇಸ್ವಾಮಿ ಮಾವ: ಕೂದಲು ಉದುರಿದರೆ ಕಜ್ಜಿ ಅಂತ ತಿಳಿದು ಔಷಧಿ ಹಚ್ಚಿ ಕೂರುತ್ತಾರೆ. ಆ ಹೊಲದವರೂ ಹಾಗೇ ಮಾಡಿದರು.

ಗಿರಿಜಕ್ಕ: ಒಳ್ಳೆ ಮಾತು ಹೇಳಿದಿರಿ ಮಾವ. ಇದನ್ನು ಎಲ್ಲರೂ ಗಮನಿಸಿ. ಕಜ್ಜಿ ಆದರೆ ಮೇಕೆ ಗೋಡೆಗೆ, ಗೂಟಕ್ಕೆ ಮೈ ಉಜ್ಜುತ್ತದೆ. ಚರ್ಮ ದಪ್ಪ ಆಗಿ ಹಕ್ಕಳೆ ಕಟ್ಟುತ್ತದೆ. ಸುಬಾಬುಲ್‌ನಿಂದ ಆದರೆ ತುರಿಕೆ ಇರೋದಿಲ್ಲ. ಚರ್ಮ ನುಣುಪಾಗಿಯೇ ಇರುತ್ತದೆ, ಕೂದಲು ಮಾತ್ರ ಗೊಂಚಲಾಗಿ ಕಿತ್ತು ಬರುತ್ತದೆ. ಅದಕ್ಕೂ ಮೊದಲೇ ಮೇಕೆ ಮೇವು ಕಡಿಮೆ ಮಾಡುತ್ತದೆ, ಜೊಲ್ಲು ಸುರಿಸುತ್ತದೆ, ಮಂಕಾಗುತ್ತದೆ. ಅಷ್ಟು ಕಂಡ ದಿನವೇ ಸುಬಾಬುಲ್ ನಿಲ್ಲಿಸಿ ಬೇರೆ ಮೇವು ಕೊಟ್ಟರೆ ಕೂದಲು ಮತ್ತೆ ಬರುತ್ತದೆ. ಗಂಟಲ ಊತ ಮಾತ್ರ ತಡವಾಗಿ ಕಾಣೋದು, ಒಳಗೊಳಗೇ ಆಗಿರುತ್ತದೆ. ತೂಕ ಏರದೆ ನಿಂತಿರೋ ಮೇಕೆ ಕಂಡರೆ ಆಗಲೇ ಅನುಮಾನ ಪಡಬೇಕು. ಈ ಸೊಪ್ಪಿನಲ್ಲಿ ಅಯೋಡಿನ್ ಮತ್ತು ಉಪ್ಪಿನ ಅಂಶ ಕಡಿಮೆ. ಹಾಗಾಗಿ ಅಯೋಡಿನ್ ಇರೋ ಖನಿಜ ಮಿಶ್ರಣ ಹಾಕಿ. ಅದು ಸಹಾಯ ಅಷ್ಟೇ. ಹಾಕಿದ್ದೀನಿ ಅಂತ ಸೊಪ್ಪು ಹೆಚ್ಚಿಸೋ ಹಾಗಿಲ್ಲ.

ಮಂಜು: ಒಣಗಿಸಿ ಹಾಕಿದರೆ ಮಿಮೋಸಿನ್ ಹೋಗುತ್ತದೆ ಅಂತ ವಿಡಿಯೋದಲ್ಲಿ ಹೇಳುತ್ತಾರೆ.

ಸುಮಾ: ಕಡಿಮೆ ಆಗುತ್ತದೆ, ಪೂರ್ತಿ ಹೋಗೋದಿಲ್ಲ. ಕತ್ತರಿಸಿ ಬಾಡಿಸಿದಾಗ ಎಲೆಯೊಳಗಿನ ಕಿಣ್ವವೇ ಮಿಮೋಸಿನ್ ಒಡೆಯುತ್ತದೆ. ಆದರೆ ಅದು ಒಡೆದು ಡಿಎಚ್‌ಪಿ ಆಗುತ್ತದೆ. ಕೂದಲಿನ ತೊಂದರೆ ತಗ್ಗಬಹುದು, ಥೈರಾಯ್ಡ್ ತೊಂದರೆ ಅಲ್ಲೇ ಇರುತ್ತದೆ. ಒಣಗಿಸಿದ್ದೀನಿ ಅಂತ ಪಾಲು ಹೆಚ್ಚಿಸಬೇಡಿ.

ಗಿರಿಜಕ್ಕ: ಇನ್ನೊಂದು. ತುದಿಯ ಎಳೆ ಚಿಗುರಿನಲ್ಲಿ ಮಿಮೋಸಿನ್ ಬಹಳ ಜಾಸ್ತಿ, ಬಲಿತ ಎಲೆಯಲ್ಲಿ ಕಡಿಮೆ. ಬೀಜದಲ್ಲೂ ಇದೆ. ಮಳೆ ಬಂದ ಮೇಲೆ ಮಿದು ಚಿಗುರು ನೋಡಿ ಆಸೆಯಿಂದ ಕಡಿದು ಹಾಕುತ್ತೀವಲ್ಲ, ಆಗಲೇ ಪಾಲು ಕಡಿಮೆ ಮಾಡಬೇಕಾದದ್ದು.

ಮಂಜು: ಹಾಗಾದರೆ ಅಗಸೆ ಮರದ ಸೊಪ್ಪು? ಅದರಲ್ಲಿ ಇಂಥದ್ದು ಇಲ್ಲವಾ? ಹರಿಹರದ ಕಡೆ ಎಲೆ ತೋಟದಲ್ಲಿ ಅಗಸೆ, ನುಗ್ಗೆ ಎರಡೂ ಇರುತ್ತವೆ. ಸೊಪ್ಪು ಕಡಿದದ್ದು ಸಿಗಬಹುದು.

ಗಿರಿಜಕ್ಕ: ಅಗಸೆಯಲ್ಲಿ ಮಿಮೋಸಿನ್ ಇಲ್ಲ. ಪ್ರೋಟೀನ್ ಸುಬಾಬುಲ್‌ಗಿಂತ ಒಂದು ಕೈ ಹೆಚ್ಚೇ. ಒಂದು ಕೆಜಿ ಹಸಿ ಸೊಪ್ಪಿನಲ್ಲಿ 200 ಗ್ರಾಂ ಹತ್ತಿರ ಒಣ ಭಾಗ, ಅದರಲ್ಲಿ 50 ಗ್ರಾಂ ಪ್ರೋಟೀನ್. ಸುಬಾಬುಲ್ ಮೂರನೇ ಒಂದು ಪಾಲಿಗೆ ನಿಲ್ಲಿಸಿ, ಇನ್ನೂ ಬೇಕಾದರೆ ಅಗಸೆಯಿಂದ ತುಂಬಿಸೋದು ನನ್ನ ರೀತಿ. ಅದೂ ನೀರು ತುಂಬಿದ ಸೊಪ್ಪು. ಹಸಿದ ಹೊಟ್ಟೆಗೆ ಅದೊಂದನ್ನೇ ಸುರಿದರೆ ಹೊಟ್ಟೆ ಉಬ್ಬರ, ಪಿಚಿಪಿಚಿ ಹಿಕ್ಕೆ. ಮೊದಲು ಸಪ್ಪೆ ಅಥವಾ ಶೇಂಗಾ ಬಳ್ಳಿ, ಆಮೇಲೆ ಸೊಪ್ಪು. ಎಲೆ ತೋಟದ ಸೊಪ್ಪಾದರೆ ಯಾವಾಗ ಔಷಧಿ ಹೊಡೆದರು ಅಂತ ಕೇಳದೆ ತರಬೇಡ.

ಅಗಸೆಗೆ ಮಿತಿ ಇರೋದು ಮರದ ಕಡೆಯಿಂದ. ಸುಬಾಬುಲ್ ಅನ್ನು ಮೊಣಕಾಲೆತ್ತರದಲ್ಲಿ ಕಡಿದರೂ ಮತ್ತೆ ಚಿಗುರೊಡೆಯುತ್ತದೆ. ಅಗಸೆ ಹಾಗಲ್ಲ. ಕೆಳಗೆ ಕಡಿದು, ಒಂದೂ ಎಲೆ ಬಿಡದೆ ಬೋಳಿಸಿದರೆ ಒಣಗಿ ಸಾಯುತ್ತದೆ. ಸೊಂಟದ ಎತ್ತರಕ್ಕಿಂತ ಮೇಲೆ ಕಡಿ, ಪ್ರತಿ ಸಲವೂ ಕೆಲವು ಕೊಂಬೆ ಎಲೆ ಸಮೇತ ಬಿಡು. ಆಗಲೂ ಸುಬಾಬುಲ್‌ನಷ್ಟು ವರ್ಷ ಬರೋದಿಲ್ಲ. ಪ್ರತಿ ಮಳೆಗಾಲಕ್ಕೆ ಒಂದಷ್ಟು ಹೊಸ ಬೀಜ ಊರುತ್ತಿರಬೇಕು. ನೀರಿಲ್ಲದ ಬದುವಿಗಿಂತ ಬೋರ್ ಪಕ್ಕದ ಕಾಲುವೆ ಬದಿಯಲ್ಲಿ ಹಾಕು.

ಮಂಜು: ಗ್ಲಿರಿಸಿಡಿಯಾ? ಬೇಲಿಯಲ್ಲಿ ಇದೆ, ಮೇಕೆ ಮೂಸಿ ಬಿಡುತ್ತವೆ.

ಗಿರಿಜಕ್ಕ: ಆ ವಾಸನೆ ಹಸಿಯಲ್ಲಿ ಹಿಡಿಸೋದಿಲ್ಲ. ಒಂದು ರಾತ್ರಿ ಬಾಡಿಸಿ, ಬೇರೆ ಸೊಪ್ಪಿನ ಜೊತೆ ಸೇರಿಸಿ ಹಾಕು. ಕೆಲವು ದಿನದಲ್ಲಿ ಒಗ್ಗುತ್ತವೆ. ಹಟ ಮಾಡೋ ಮೇಕೆಗಳೂ ಇರುತ್ತವೆ, ಬಿಟ್ಟುಬಿಡು.

ಮಂಜು: ಉಳಿದದ್ದು ಕೋಳಿಗೆ ಹಾಕಲಾ?

ಸುಮಾ: ಸುಬಾಬುಲ್ ಆಗಲಿ ಅಗಸೆ ಆಗಲಿ ಕೋಳಿಗೆ ಬೇಡ ಮಾವ. ಮೇಕೆಗಿರೋ ಹಾಗೆ ಅವಕ್ಕೆ ದೊಡ್ಡ ಹೊಟ್ಟೆ ಇಲ್ಲ. ಮೊಲ, ಕುದುರೆಗೂ ಸುಬಾಬುಲ್ ಬೇಡ.

ತಿಪ್ಪೇಸ್ವಾಮಿ ಮಾವ: ಸರಿ, ಗಿಡ ಕೀಳು ಅಂದದ್ದನ್ನು ವಾಪಸ್ ತಗೊಂಡೆ. ಆದರೆ ಗಬ್ಬದ ಮೇಕೆಗೆ ನಾನು ಒಂದು ಎಲೆಯನ್ನೂ ಹಾಕೋದಿಲ್ಲ. ಆ ಗಂಟಲೂದಿದ ಮರಿಗಳನ್ನು ಕಣ್ಣಾರೆ ನೋಡಿದ್ದೀನಿ.

ಗಿರಿಜಕ್ಕ: ಅದಕ್ಕೆ ನನ್ನ ವಾದ ಇಲ್ಲ ಮಾವ. ನಾನೂ ಗಬ್ಬದ ಕೊನೆ ಎರಡು ತಿಂಗಳು ಅಗಸೆ ಮತ್ತು ಸ್ವಲ್ಪ ಹಿಂಡಿಯಲ್ಲೇ ನಡೆಸುತ್ತೇನೆ. ಮಂಜು, ಅದಕ್ಕೇ ಹಿಂಡಿ ಪೂರ್ತಿ ನಿಲ್ಲಿಸಬೇಡ. ನಿನ್ನ 20ರಲ್ಲಿ ಗಬ್ಬದವು ಎಷ್ಟು?

ಮಂಜು: ಏಳು ಇರಬೇಕು ಅಕ್ಕಾ. ಸಂಜೆ ಅವನ್ನು ಬೇರೆ ಕಟ್ಟಿ, ತಕ್ಕಡಿ ತಂದು ಮೊದಲ ಕಟ್ಟು ತೂಗುತ್ತೇನೆ.

ಸುಮಾ: ತೂಗಿದ ಮೇಲೆ ಬಿಟ್ಟ ಕಡ್ಡಿ ತೂಕವನ್ನೂ ಗುಂಪಿನಲ್ಲಿ ಹಾಕಿ ಮಾವ. ಯಾವ ಮೇಕೆ ಮೊದಲ ವಾರ ಮೇವು ಕಡಿಮೆ ಮಾಡಿತು ಅನ್ನೋದೂ ಬರೆಯಿರಿ.