ಪದಚರ್ಚೆ: ತಿಂಗಳ ಕೊನೆಯ ಹೊಂದಾಣಿಕೆ ನಮೂದುಗಳು, ಮೂರು ಖಾತೆಗಳಿಗೆ ಹೆಸರು ಬೇಕು (ಇವತ್ತೇ)

ಅನುವಾದಕಿ:
ಎಲ್ಲರಿಗೂ ನಮಸ್ಕಾರ. ಲೆಕ್ಕ ಬರೆಯುವ ಒಂದು ತಂತ್ರಾಂಶದ ಪರದೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆಯೊಳಗೆ ಕಳಿಸಬೇಕು. ತಿಂಗಳ ಕೊನೆಯ ಹೊಂದಾಣಿಕೆ ನಮೂದುಗಳ ಪುಟದಲ್ಲಿ ಮೂರು ಖಾತೆಗಳ ಹೆಸರಿಗೆ ಸಿಕ್ಕಿಕೊಂಡಿದ್ದೇನೆ: ಅಕ್ರೂಡ್ ವೇಜಸ್, ಪ್ರೀಪೇಯ್ಡ್ ಇನ್ಶೂರೆನ್ಸ್, ಅನ್‌ಅರ್ನ್ಡ್ ರೆವಿನ್ಯೂ. ಸದ್ಯಕ್ಕೆ 'ಬಾಕಿ ಕೂಲಿ', 'ಮುಂಗಡ ವಿಮೆ', 'ಮುಂಗಡ ಆದಾಯ' ಎಂದು ಹಾಕಿದ್ದೇನೆ.

ಅಲ್ಲಿ ಕೊಟ್ಟಿರುವ ಉದಾಹರಣೆ ಇದು. ವಾರಕ್ಕೆ 18,000 ಕೂಲಿ, ಆರು ದಿನದ ಕೆಲಸ, ಶನಿವಾರ ಬಟವಾಡೆ. ತಿಂಗಳು ಬುಧವಾರ ಮುಗಿಯುತ್ತದೆ. ಒಂದನೇ ತಾರೀಕು ಇಡೀ ವರ್ಷದ ವಿಮೆ 24,000 ಕಟ್ಟಿದ್ದಾರೆ. ಅದೇ ದಿನ ಮೂರು ತಿಂಗಳ ತರಬೇತಿಗೆ 15,000 ಶುಲ್ಕ ಬಂದಿದೆ. ಹೆಸರುಗಳು ಸರಿಯೇ?

ಅಚ್ಚಗನ್ನಡದವರು:
'ನಮೂದು' ಪಾರಸಿ. 'ಬಾಕಿ' ಅರಬ್ಬಿ. 'ಆದಾಯ' ಸಂಸ್ಕೃತ. ನಿಮ್ಮ ಮೂರು ಹೆಸರುಗಳಲ್ಲಿ ಕನ್ನಡದ್ದು ಕೂಲಿ ಮತ್ತು ಮುಂಗಡ ಮಾತ್ರ. 'ಸರಿಹೊಂದಿಕೆ ಬರಹ' ಎನ್ನಿ, 'ಉಳಿಗೂಲಿ' ಎನ್ನಿ.

ಲೆಕ್ಕ ಪರಿಶೋಧಕರು:
'ಉಳಿಗೂಲಿ' ಎಂದರೆ ಉಳಿತಾಯ ಮಾಡಿದ ಕೂಲಿ ಅಂದುಕೊಳ್ಳುತ್ತಾರೆ. ಬೇಡ.

ಮೇಡಂ, ನಿಮ್ಮ ಮೂರರಲ್ಲಿ ನಿಜವಾಗಿ ಅಪಾಯ ಇರುವುದು ಮೂರನೆಯದಕ್ಕೆ. 'ಮುಂಗಡ ಆದಾಯ' ಎಂಬ ಖಾತೆ ಕಂಡರೆ ಹೊಸಬರು ಅದನ್ನು ಆದಾಯದ ಗುಂಪಿಗೇ ಸೇರಿಸುತ್ತಾರೆ. ಆಗ 15,000 ಪೂರ್ತಿ ಈ ತಿಂಗಳ ಲಾಭಕ್ಕೆ ಹೋಗುತ್ತದೆ. ದುಡಿದಿರುವುದು ಒಂದು ತಿಂಗಳ ಪಾಠ, ಅಂದರೆ 5,000. ಉಳಿದ 10,000 ನಾವು ಇನ್ನೂ ಕೊಡಬೇಕಾದ ಪಾಠ, ಅದು ಹೊಣೆ. ತರಬೇತಿ ಅರ್ಧಕ್ಕೆ ನಿಂತರೆ ಆ ದುಡ್ಡು ವಾಪಸ್ ಕೊಡಬೇಕಾಗಬಹುದು, ಅಲ್ವಾ? ತಿಂಗಳ ಕೊನೆಗೆ ಹಾಕುವ ನಮೂದು ಇಷ್ಟೇ: ಆ ಹೊಣೆಯ ಖಾತೆಗೆ 5,000 ಡೆಬಿಟ್, ತರಬೇತಿ ಆದಾಯಕ್ಕೆ 5,000 ಕ್ರೆಡಿಟ್.

ಈ ತಪ್ಪು ತಾಳೆಪಟ್ಟಿಯಲ್ಲಿ ಸಿಗುವುದಿಲ್ಲ. ಎರಡೂ ಕಡೆ ಮೊತ್ತ ಸರಿಯಾಗಿಯೇ ಕೂಡುತ್ತದೆ. ಕ್ರೆಡಿಟ್ ತಪ್ಪು ಗುಂಪಿನಲ್ಲಿ ಕೂತಿದೆ, ಅಷ್ಟೇ. ಹಾಗಾಗಿ ಹೆಸರಲ್ಲಿ 'ಆದಾಯ' ಬಿಟ್ಟುಬಿಡಿ. 2018ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಲೆಕ್ಕ ಮಾನದಂಡ ಐಎಫ್‌ಆರ್‌ಎಸ್ 15 ಕೂಡ ಇಂಥದ್ದನ್ನು ಕರಾರಿನ ಹೊಣೆ ಎಂದೇ ಕರೆಯುತ್ತದೆ. ಬೇರೆ ಹೆಸರು ಇಟ್ಟುಕೊಳ್ಳಲೂ ಬಿಡುತ್ತದೆ.

ಪದಮೂಲ ಹುಡುಕುವವರು:
'ಮುಂಗಡ'ದ ಒಳಗೇ ಹೊಣೆ ಇದೆ! ಮುನ್ + ಕಡ. ಕಡ ಅಂದರೆ ಸಾಲ. ಕಡ ಕೊಡು, ಕಡ ತಗೋ ಅನ್ನುತ್ತೇವಲ್ಲ. ಮುಂಗಡ ತೆಗೆದುಕೊಂಡವನು ಸಾಲಗಾರ. ಲೆಕ್ಕದವರು ಈಗ ಹೇಳುತ್ತಿರುವುದನ್ನು ಪದ ಆಗಲೇ ಹೇಳಿಬಿಟ್ಟಿದೆ. 'ಮುಂಗಡ' ಒಂದೇ ಸಾಕು.

ಅಚ್ಚಗನ್ನಡದವರು:
ಅದು ಕಡ ಅಲ್ಲ, ಕಡೆ. ಮುಂಗಡೆ, ಹಿಂಗಡೆ ಇದ್ದ ಹಾಗೆ. ಸುಮ್ನೆ ಸಾಲ ಹೊರಿಸಬೇಡಿ.

ಲೆಕ್ಕ ಪರಿಶೋಧಕರು:
ಮೂಲ ಯಾವುದೇ ಇರಲಿ, 'ಮುಂಗಡ' ಒಂದೇ ಇದ್ದರೆ ಸಾಲದು. ಕೊಟ್ಟ ಮುಂಗಡ ನಮ್ಮ ಆಸ್ತಿ, ಪಡೆದ ಮುಂಗಡ ನಮ್ಮ ಹೊಣೆ. ಯಾರು ಕೊಟ್ಟದ್ದು ಎಂದು ಹೆಸರು ಹೇಳಲೇಬೇಕು. 'ಮುಂಗಡ ಕಟ್ಟಿದ ವಿಮೆ', 'ಮುಂಗಡ ಪಡೆದ ಶುಲ್ಕ' ಎನ್ನಿ. ಕಟ್ಟಿದ, ಪಡೆದ ಎಂಬ ಕ್ರಿಯಾಪದಗಳೇ ಆ ಕೆಲಸ ಮಾಡುತ್ತವೆ.

ಕಾಲೇಜಿನಲ್ಲಿ ವಾಣಿಜ್ಯ ಕಲಿಸುವವರು:
ಕೂಲಿಯ ಮಾತಿಗೆ ಬರೋಣ. ನಮ್ಮ ಪಠ್ಯಗಳಲ್ಲಿ 'ಬಾಕಿ ಇರುವ ಕೂಲಿ' ಎಂದೇ ಇದೆ, ಮಕ್ಕಳಿಗೆ ಅದೇ ರೂಢಿ. ಸೋಮವಾರದಿಂದ ಬುಧವಾರದವರೆಗೆ ಮೂರು ದಿನ, ಆರರಲ್ಲಿ ಅರ್ಧ, 9,000. ಕೂಲಿ ಖರ್ಚಿಗೆ ಡೆಬಿಟ್, ನಗದಿಗೆ ಕ್ರೆಡಿಟ್. ಇದಕ್ಕೆ ಹೊಸ ಪದ ಯಾಕೆ?

ಲೆಕ್ಕ ಪರಿಶೋಧಕರು:
9,000 ಸರಿ. ನಗದಿಗೆ ಕ್ರೆಡಿಟ್ ತಪ್ಪು, ಸಾರ್. ಬುಧವಾರ ಯಾರಿಗೂ ದುಡ್ಡು ಕೊಟ್ಟಿಲ್ಲ. ಕ್ರೆಡಿಟ್ ಹೋಗಬೇಕಾದದ್ದು ಕೊಡಬೇಕಾದ ಕೂಲಿಗೆ. ಈ ಮೂರು ಹೊಂದಾಣಿಕೆಗಳಲ್ಲಿ ಯಾವುದರಲ್ಲೂ ನಗದು ಖಾತೆ ಬರಬಾರದು. ಬಂದಿದ್ದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ.

'ಬಾಕಿ' ಪಠ್ಯದಲ್ಲಿದೆ, ಒಪ್ಪುತ್ತೇನೆ. ಆದರೆ ಪರದೆಯಲ್ಲಿ 'ಬಾಕಿ ಕೂಲಿ' ಓದಿದವರಿಗೆ ಬಟವಾಡೆ ದಿನ ದಾಟಿಯೂ ಕೊಟ್ಟಿಲ್ಲ ಅನ್ನಿಸುತ್ತದೆ. ಇಲ್ಲಿ ಆ ದಿನವೇ ಇನ್ನೂ ಬಂದಿಲ್ಲ. ದಿನ ಕಳೆದ ಹಾಗೆ ಬೆಳೆದುಬಂದ ಹೊಣೆ ಅದು. ನಾನಾದರೆ 'ಕೊಡಬೇಕಾದ ಕೂಲಿ' ಎಂದು ಬರೆಯುತ್ತೇನೆ.

ಕಾಲೇಜಿನಲ್ಲಿ ವಾಣಿಜ್ಯ ಕಲಿಸುವವರು:
ನಗದಿನ ವಿಷಯ ಸರಿ. 'ಬಾಕಿ' ಮಾತ್ರ ಬಿಡಲಾರೆ. ಪರೀಕ್ಷೆಯಲ್ಲಿ ಒಂದು ಪದ, ಪರದೆಯಲ್ಲಿ ಇನ್ನೊಂದು ಆದರೆ ಕಲಿತು ಬಂದವರ ಕಷ್ಟ ನೀವು ನೋಡಿಲ್ಲ.

ಸಂಸ್ಥೆಯೊಂದರಲ್ಲಿ ಲೆಕ್ಕ ಬರೆಯುವವರು:
ಪದದ ಬಗ್ಗೆ ನನಗೆ ಹೆಚ್ಚು ಗೊತ್ತಿಲ್ಲ, ನಮ್ಮಲ್ಲಿ ಆದದ್ದು ಹೇಳುತ್ತೇನೆ. ತಿಂಗಳ ಕೊನೆಗೆ ಹೀಗೇ ಕೂಲಿ ಹಾಕಿದ್ದರು. ಶನಿವಾರ ಬಟವಾಡೆ ಆದಾಗ ಹೊಸ ಗುಮಾಸ್ತರು ಪೂರ್ತಿ ವಾರದ ಮೊತ್ತವನ್ನು ಮತ್ತೆ ಕೂಲಿ ಖರ್ಚಿಗೇ ಬರೆದರು. ಮೂರು ದಿನದ ಕೂಲಿ ಎರಡು ಸಲ ಖರ್ಚಾಯಿತು. ಕೊಡಬೇಕಾದ ಕೂಲಿ ಖಾತೆಯಲ್ಲಿ ಆ ಮೊತ್ತ ತಿಂಗಳುಗಟ್ಟಲೆ ಅಲುಗಾಡದೆ ಕೂತಿತ್ತು, ಅದರಿಂದಲೇ ಗೊತ್ತಾದದ್ದು. ಇನ್ನೊಂದು, ವಿಮೆಯನ್ನು ತಿಂಗಳ ಕೊನೆಗೆ ಆಸ್ತಿಯಿಂದ ಖರ್ಚಿಗೆ ತರಬೇಕು ಅನ್ನುತ್ತಾರೆ, ನಮ್ಮಲ್ಲಿ ನಮೂದು ಅದಕ್ಕೆ ಉಲ್ಟಾ ಇದೆ. ಯಾವುದು ಸರಿ?

ಲೆಕ್ಕ ಪರಿಶೋಧಕರು:
ಎರಡೂ ಸರಿ ಇರಬಹುದು. ಕಟ್ಟಿದ ದಿನ 24,000 ಯಾವ ಖಾತೆಗೆ ಹೋಯಿತು ಎಂದು ನೋಡಿ. ಮುಂಗಡ ಕಟ್ಟಿದ ವಿಮೆಗೆ, ಅಂದರೆ ಆಸ್ತಿಗೆ ಹೋಗಿದ್ದರೆ, ತಿಂಗಳ ಕೊನೆಗೆ ಸವೆದ 2,000ವನ್ನು ಖರ್ಚಿಗೆ ತರಬೇಕು. ನಿಮ್ಮಲ್ಲಿ ಮೊದಲ ದಿನವೇ ಪೂರ್ತಿ ಖರ್ಚಿಗೆ ಬರೆದಿರಬೇಕು. ಆಗ ಉಳಿದ 22,000ವನ್ನು ಖರ್ಚಿನಿಂದ ತೆಗೆದು ಆಸ್ತಿಗೆ ಹಾಕಬೇಕು. ಕೊನೆಗೆ ಎರಡು ದಾರಿಯಲ್ಲೂ ಖರ್ಚು 2,000, ಆಸ್ತಿ 22,000. ಎರಡನ್ನೂ ಬೆರೆಸಿದರೆ ಮಾತ್ರ ಕೆಡುತ್ತದೆ. ಖರ್ಚಿಗೆ ಬರೆದಿಟ್ಟು, ಮೇಲೆ 2,000 ಡೆಬಿಟ್ ಹಾಕಿದರೆ ಖರ್ಚು 26,000 ಆಗುತ್ತದೆ, ಆಸ್ತಿ ಖಾತೆ ಕ್ರೆಡಿಟ್ ಬಾಕಿ ತೋರಿಸುತ್ತದೆ. ಆಸ್ತಿ ಖಾತೆಗೆ ಕ್ರೆಡಿಟ್ ಬಾಕಿ ಬಂತು ಅಂದರೆ ಅಲ್ಲೇ ನಿಂತು ಹುಡುಕಿ.

ಕೂಲಿಗೆ, ಶನಿವಾರ 9,000ವನ್ನು ಕೊಡಬೇಕಾದ ಕೂಲಿಗೆ ಡೆಬಿಟ್ ಮಾಡಿ, 9,000ವನ್ನು ಹೊಸ ತಿಂಗಳ ಖರ್ಚಿಗೆ ಬರೆಯಿರಿ, ನಗದಿಗೆ 18,000 ಕ್ರೆಡಿಟ್. ಗುಮಾಸ್ತರು ಮರೆಯುತ್ತಾರೆ ಅನ್ನಿಸಿದರೆ ಒಂದನೇ ತಾರೀಕೇ ನಮೂದನ್ನು ತಿರುಗಿಸಿಬಿಡಿ. ಆಮೇಲೆ ಶನಿವಾರ ಎಂದಿನಂತೆ ಪೂರ್ತಿ 18,000 ಖರ್ಚಿಗೆ ಬರೆದರೂ ನಿವ್ವಳ 9,000ವೇ ಉಳಿಯುತ್ತದೆ.

ಅಚ್ಚಗನ್ನಡದವರು:
ಡೆಬಿಟ್, ಕ್ರೆಡಿಟ್, ಗುಮಾಸ್ತ, ನಿವ್ವಳ. ಇದು ಕನ್ನಡದ ಪಟ್ಟಿಯೋ, ಸಂತೆಯೋ?

ಪದಮೂಲ ಹುಡುಕುವವರು:
ಖರ್ಚು, ಜಮಾ, ಬಾಕಿ ಎಲ್ಲ ಹೊರಗಿಂದ ಬಂದು ಎಷ್ಟೋ ತಲೆಮಾರು ಆಯಿತು. ಲೆಕ್ಕ ಬರೆಯುವವರ ಬಾಯಲ್ಲಿ ಇರುವ ಪದವನ್ನು ಕಿತ್ತು ಯಾರಿಗೂ ಗೊತ್ತಿಲ್ಲದ್ದನ್ನು ನೆಡುವುದು ಕನ್ನಡದ ಕೆಲಸ ಅಲ್ಲ. 'ಮುಂಗಡ'ದಲ್ಲಿರುವುದು ಕಡವೇ, ಅದನ್ನಂತೂ ಬಿಡುವುದಿಲ್ಲ.

ಅನುವಾದಕಿ:
ಎಲ್ಲರಿಗೂ ಧನ್ಯವಾದ. ಹೀಗೆ ಕಳಿಸುತ್ತಿದ್ದೇನೆ: 'ಕೊಡಬೇಕಾದ ಕೂಲಿ', 'ಮುಂಗಡ ಕಟ್ಟಿದ ವಿಮೆ', 'ಮುಂಗಡ ಪಡೆದ ಶುಲ್ಕ'. ಕಲಿತು ಬಂದವರಿಗಾಗಿ, ಹುಡುಕುವ ಜಾಗದಲ್ಲಿ 'ಬಾಕಿ ಕೂಲಿ' ಎಂದು ಟೈಪ್ ಮಾಡಿದರೂ ಅದೇ ಖಾತೆ ಸಿಗುವಂತೆ ಮಾಡಲು ಹೇಳಿದ್ದೇನೆ. 'ಹೊಂದಾಣಿಕೆ ನಮೂದು' ಹಾಗೇ ಇರುತ್ತದೆ. ಒಂದನೇ ತಾರೀಕು ತಿರುಗಿಸುವ ನಮೂದಿನ ಗುಂಡಿಗೂ ಹೆಸರು ಬೇಕು. 'ತಿರುಗು ನಮೂದು' ಅಂದರೆ ನಡೆಯುತ್ತದೆಯೇ?

ಸಂಸ್ಥೆಯೊಂದರಲ್ಲಿ ಲೆಕ್ಕ ಬರೆಯುವವರು:
ನಾವು 'ವಾಪಸ್ ನಮೂದು' ಅನ್ನುತ್ತೇವೆ.

ಅಚ್ಚಗನ್ನಡದವರು:
'ವಾಪಸ್' ಕೂಡ ಪಾರಸಿ.