ಹತ್ತನೇ ತರಗತಿ ಗ್ರೂಪಿಗೆ ಬದಲಾದ ವೇಳಾಪಟ್ಟಿ

ಪ್ರಶ್ನೆ (ಪೊನ್ನಂಪೇಟೆ ಕಡೆಯ ಶಿಕ್ಷಕಿ): ಗಣಿತ ಪುನರಾವರ್ತನೆಗೆ ಸೋಮವಾರ ವರ್ಗ ಸಮೀಕರಣ, ಬುಧವಾರ ಸಮಾಂತರ ಶ್ರೇಢಿ ಅಂತ ಹಾಕಿದ್ದೆ. ಸೋಮವಾರದ ತರಗತಿ ಶುಕ್ರವಾರಕ್ಕೆ ಹೋಗಿದೆ. ಕಳೆದ ಸಲ ಹೊಸ ಪಟ್ಟಿ ಹಾಕಿದ್ರೂ ಅರ್ಧ ಮಕ್ಕಳು ಹಳೇದನ್ನೇ ನೋಡ್ಕೊಂಡು ಬಂದ್ರು. ಹೇಗೆ ಬರೀಲಿ?

ನಾಪೋಕ್ಲಿನ ಪೋಷಕರು: ಹಳೇ ಮೆಸೇಜನ್ನೇ ಎಡಿಟ್ ಮಾಡಿಬಿಡಿ ಮೇಡಂ. ಎರಡು ಪಟ್ಟಿ ಇದ್ರೆ ತಾನೇ ಗೊಂದಲ?

ಸೋಮವಾರಪೇಟೆಯ ಹಿರಿಯ ಗಣಿತ ಶಿಕ್ಷಕರು: ಗೊಂದಲ ಎರಡು ಪಟ್ಟಿಯಿಂದಲೇ, ನಿಜ. ಆದರೆ ವಾಟ್ಸಾಪಿನಲ್ಲಿ ಕಳಿಸಿ 15 ನಿಮಿಷ ದಾಟಿದರೆ ಎಡಿಟ್ ಆಗಲ್ಲ. ಹೊಸದಾಗಿ ಬರೆದು ಪಿನ್ ಮಾಡಿ, ಹಳೇದರ ಪಿನ್ ತೆಗೀರಿ. ಯಾವ ಪಟ್ಟಿ ರದ್ದು, ಏನು ಬದಲಾಯ್ತು ಅನ್ನೋದು ಮೊದಲ ಸಾಲಲ್ಲೇ ಬರಲಿ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ದಿನ ಮುಂದೆ ಹೋಯ್ತು ಅಂತ ಪಾಠವನ್ನೂ ಶುಕ್ರವಾರಕ್ಕೆ ತಳ್ಳಬೇಡಿ ಮೇಡಂ. 24, 21, 18… ಶ್ರೇಢಿಯಲ್ಲಿ ಎಷ್ಟು ಪದ ಕೂಡಿಸಿದರೆ 78 ಅಂತ ಕೇಳಿದಾಗ ಕೊನೆಗೆ ಬರೋದು ವರ್ಗ ಸಮೀಕರಣವೇ. n = 4, n = 13, ಎರಡೂ ಸರಿ, ಯಾಕಂದ್ರೆ ಐದನೇ ಪದದಿಂದ ಹದಿಮೂರರವರೆಗಿನ ಮೊತ್ತ ಸೊನ್ನೆ. ಅಪವರ್ತನ ಕೈಗೆ ಹತ್ತದ ಮಗು ಅಲ್ಲೇ ನಿಂತುಬಿಡುತ್ತೆ. ಬುಧವಾರ ವರ್ಗ ಸಮೀಕರಣವನ್ನೇ ಇಟ್ಟು, ಶ್ರೇಢಿಯನ್ನು ಶುಕ್ರವಾರಕ್ಕೆ ಹಾಕಿ. ನಾನಾದ್ರೆ ಹೀಗೆ ಬರೀತಿದ್ದೆ:

"ಗಣಿತ ಪುನರಾವರ್ತನೆ: ಹಳೇ ಪಟ್ಟಿ ರದ್ದು. ಫೆ. 9 ಸೋಮವಾರ ತರಗತಿ ಇಲ್ಲ.
ಫೆ. 11 ಬುಧ, ಸಂಜೆ 4ರಿಂದ 5: ವರ್ಗ ಸಮೀಕರಣ (ಅಪವರ್ತನ, ಸೂತ್ರ ವಿಧಾನ)
ಫೆ. 13 ಶುಕ್ರ, ಸಂಜೆ 4ರಿಂದ 5: ಸಮಾಂತರ ಶ್ರೇಢಿ (n ಪದಗಳ ಮೊತ್ತ)"

ಬರೀ "ಗಣಿತ" ಅಂತ ಹಾಕಿದ್ರೆ ಯಾವ ಲೆಕ್ಕ ನೋಡ್ಕೊಂಡು ಬರಬೇಕು ಅಂತ ಮಕ್ಕಳಿಗೆ ತಿಳಿಯಲ್ಲ.

ಕುಶಾಲನಗರದ ತಾಯಿ: ಅಯ್ಯೋ, ಎಸ್‌ಎಸ್‌ಎಲ್‌ಸಿ ಪರೀಕ್ಷೆ ದಿನಾಂಕವೇ ಬದಲಾಯ್ತಾ?

ಶಿಕ್ಷಕಿ: ಇಲ್ಲಮ್ಮ, ನಮ್ಮ ಶಾಲೆಯ ಸಂಜೆ ತರಗತಿ ಮಾತ್ರ. ನೀವು ಕೇಳಿದ್ದು ಒಳ್ಳೇದಾಯ್ತು, "ಪರೀಕ್ಷೆ ದಿನಾಂಕ ಬದಲಾಗಿಲ್ಲ" ಅಂತ ಒಂದು ಸಾಲು ಸೇರಿಸ್ತೀನಿ.

ಸಿದ್ದಾಪುರ ಕಡೆಯ ಪೋಷಕರು: ದಯವಿಟ್ಟು ಪಟ್ಟಿಯ ಫೋಟೋ ಹಾಕಬೇಡಿ. ನಮ್ಮ ಲೈನ್ ಮನೆ ಹತ್ತಿರ ನೆಟ್‌ವರ್ಕ್ ಒಂದು ಗೆರೆ ಬಂದ್ರೆ ಹೆಚ್ಚು, ಫೋಟೋ ಸುತ್ತುತ್ತಾನೇ ಇರುತ್ತೆ, ಅಕ್ಷರ ಮಾತ್ರ ಬರುತ್ತೆ. ಮುಗಿಯೋ ಸಮಯ ಬರೆದದ್ದು ಬಹಳ ಉಪಕಾರ ಸರ್. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಆನೆ ಭಯ, ಮಗಳನ್ನು ಕರ್ಕೊಂಡು ಬರೋಕೆ ಕಾಫಿ ಕೊಯ್ಲು ಬಿಟ್ಟು ನಾನೇ ಬರಬೇಕು. ಇನ್ನೊಂದು ಮಾತು: ನಮ್ಮ ಪಕ್ಕದ ಮನೆಯವರಿಗೆ ಕನ್ನಡ ಓದೋಕೆ ಬರಲ್ಲ. ಅವರಿಗೆ ವಾಯ್ಸ್ ಮೆಸೇಜ್ ಹಾಕಬಹುದಾ?

ಹಿರಿಯ ಶಿಕ್ಷಕರು: ಹಾಕಬಹುದು, ಆದರೆ ದಿನಾಂಕ ಮರೆತರೆ ಮತ್ತೆ ಪೂರ್ತಿ ಕೇಳಬೇಕಾಗುತ್ತೆ. ಜೊತೆಗೆ ಅಕ್ಷರವೂ ಇರಲಿ.

ನಾಪೋಕ್ಲಿನ ಪೋಷಕರು: ಎರಡೂ ಹಾಕಿದ್ರೆ ಗ್ರೂಪ್ ತುಂಬುತ್ತೆ ಸರ್. ಅಂಥ ಮನೆಗಳಿಗೆ ಫೋನ್ ಮಾಡೋದೇ ವಾಸಿ ಅನ್ಸುತ್ತೆ.