ನಿದ್ದೆ ಕಡಿಮೆಯಾದಾಗ ಸ್ಕ್ವಾಟ್ ಯಾಕೆ ಮೂರನೇ ಸೆಟ್‌ನಲ್ಲಿ ಕೈಕೊಡುತ್ತೆ?

ಪ್ರಶ್ನೆ: "ಮನೆಯಲ್ಲಿ ಎಳೆ ಮಗು. ರಾತ್ರಿ ಐದು ಗಂಟೆ ನಿದ್ದೆಯಾದರೆ ಹೆಚ್ಚು. 80 ಕೆಜಿ ಸ್ಕ್ವಾಟ್ ಐದೈದರ ಐದು ಸೆಟ್ ಆರಾಮಾಗಿ ಮಾಡ್ತಿದ್ದೆ. ಈಗ ಎರಡು ಸೆಟ್ ಆದಮೇಲೆ ಕಾಲೇ ಏಳಲ್ಲ. ಶಕ್ತಿ ಹೋಯ್ತಾ? ಸ್ವಲ್ಪ ದಿನ ಬಿಟ್ಟುಬಿಡಲಾ?"

ಜಿಮ್ ಗೆಳೆಯ: ಬಿಟ್ಟುಬಿಡಿ ಸರ್. ನಿದ್ದೆ ಇಲ್ಲದೆ ಭಾರ ಎತ್ತಿದ್ರೆ ಇರೋ ಸ್ನಾಯುವೂ ಕರಗುತ್ತೆ. ಟೆಸ್ಟೋಸ್ಟೆರಾನ್ ಇಳಿಯುತ್ತೆ, ಕಾರ್ಟಿಸಾಲ್ ಏರುತ್ತೆ.

ಹಳೇ ಕೋಚ್: ಹಾರ್ಮೋನ್ ಮಾತು ಅರ್ಧ ಸರಿ. 2021ರ ಒಂದು ಅಧ್ಯಯನದಲ್ಲಿ ಒಂದಿಡೀ ರಾತ್ರಿ ಎಚ್ಚರವಿದ್ದವರಲ್ಲಿ ಸ್ನಾಯುವಿನ ಪ್ರೋಟೀನ್ ಕಟ್ಟುವ ವೇಗ ಶೇ 18ರಷ್ಟು ಇಳಿದಿತ್ತು. ಆದರೆ ಅವರು ಕಣ್ಣೇ ಮುಚ್ಚಿರಲಿಲ್ಲ, ಇವರು ಐದು ಗಂಟೆ ಮಲಗ್ತಿದ್ದಾರೆ. 2020ರ ಇನ್ನೊಂದು ಅಧ್ಯಯನದಲ್ಲಿ ಐದು ರಾತ್ರಿ ನಾಲ್ಕೇ ಗಂಟೆ ಮಲಗಿಸಿದರು. ಸುಮ್ನೆ ಇದ್ದವರಲ್ಲಿ ಆ ವೇಗ ಕುಸಿಯಿತು. ಮಧ್ಯೆ ಜೋರಾಗಿ ಸೈಕಲ್ ತುಳಿದವರಲ್ಲಿ ಕುಸಿಯಲಿಲ್ಲ. ಹಾಗಾಗಿ ಪೂರ್ತಿ ಬಿಡೋದೇ ತಪ್ಪು.

ಶಕ್ತಿ ಎಲ್ಲೂ ಹೋಗಿಲ್ಲ. ಮೊದಲೆರಡು ಸೆಟ್ ಸರಿಯಾಗಿ ಬರ್ತಿದೆ ಅಂದ್ರೆ ಅದೇ ಸಾಕ್ಷಿ. ನಿದ್ದೆಗೆಟ್ಟಾಗ ಒಂದೇ ಸಲ ಪೂರ್ತಿ ಬಲ ಹಾಕಿ ಎತ್ತೋದಕ್ಕಿಂತ, ಮತ್ತೆ ಮತ್ತೆ ಎತ್ತೋ ಕೆಲಸವೇ ಜಾಸ್ತಿ ಕೆಡುತ್ತೆ. ಮೂರನೇ ಸೆಟ್‌ಗೆ ಅದೇ 80 ಕೆಜಿ 90 ಅನಿಸುತ್ತೆ.

ನಾನಾದರೆ ಭಾರ ಬಿಡದೆ ಸೆಟ್ ಕಡಿಮೆ ಮಾಡ್ತೀನಿ. 80 ಕೆಜಿಯಲ್ಲೇ ಮೂರು ಸೆಟ್, ನಡುವೆ ನಾಲ್ಕು ನಿಮಿಷ ಬಿಡುವು. ವಾರ್ಮ್‌ಅಪ್‌ನಲ್ಲಿ 60 ಕೆಜಿಯನ್ನು ಗಮನಿಸಿ. ಕೆಳಗಿಂದ ಏಳುವಾಗ ಬಾರ್ ನಡುವೆ ತೆವಳಿದರೆ ಆ ದಿನ 72 ಸಾಕು. ಬೆನ್ನು ಬಾಗೋಕೆ ಶುರುವಾದರೆ ಸೆಟ್ ಅಲ್ಲೇ ನಿಲ್ಲಿಸಿ.

ಬೆಳಗಿನ ಓಟಗಾರ್ತಿ: ಓಟದಲ್ಲೂ ಇದೇ ಕಥೆ. ನಿದ್ದೆ ಕೆಟ್ಟ ದಿನ ಹೃದಯಬಡಿತ ಎಂದಿನಷ್ಟೇ ಇರುತ್ತೆ, ಆದ್ರೆ ಜೀವ ಹೋಗುತ್ತೆ. ಮಜಾ ಏನಂದ್ರೆ ನಿಧಾನ ಆಗಿರೋದು ನನಗೇ ಗೊತ್ತಾಗಲ್ಲ, ಗಡಿಯಾರ ನೋಡಿದಾಗಲೇ ತಿಳಿಯೋದು. ಅಂಥ ದಿನ ಇಂಟರ್ವಲ್ ಬಿಟ್ಟು ಸುಮ್ನೆ ಹಗುರವಾಗಿ ಓಡ್ತೀನಿ.

ಸಂಜೆ ಜಿಮ್‌ನವ: ನನಗೂ ರಾತ್ರಿ ನಿದ್ದೆ ಬರಲ್ಲ. ಸಂಜೆ ಏಳಕ್ಕೆ ಜಿಮ್, ಅದಕ್ಕೆ ಮುಂಚೆ ಕಾಫಿ. ಮಾತ್ರೆ ತಗೋಬಹುದಾ?

ಹಳೇ ಕೋಚ್: ಅವರಿಗೆ ನಿದ್ದೆ ಬರ್ತಿದೆ, ಮಗು ಬಿಡ್ತಿಲ್ಲ ಅಷ್ಟೇ. ನಿಮ್ಮದು ಬೇರೆ. ಮಾತ್ರೆ ವಿಷಯ ಡಾಕ್ಟರ್ ಹತ್ರ ಕೇಳಿ. ಕಾಫಿ ಮಾತ್ರ ಮಧ್ಯಾಹ್ನದ ನಂತರ ಬಿಟ್ಟು ನೋಡಿ. ಕುಡಿದ ಕೆಫೀನ್‌ನ ಅರ್ಧ ಇಳಿಯೋಕೇ ಸುಮಾರು ಐದು ಗಂಟೆ ಬೇಕು.

ಎರಡು ಮಕ್ಕಳ ತಾಯಿ: ಮಗು ಮಲಗಿದಾಗ ಮಧ್ಯಾಹ್ನ ನೀವೂ ಅರ್ಧ ಗಂಟೆ ಮಲಗಿ, ಸಂಜೆ ಸ್ಕ್ವಾಟ್ ಮಾಡಿ. ನನಗೆ ಅದರಿಂದಲೇ ಕೊನೆಯ ಸೆಟ್‌ಗಳು ವಾಪಸ್ ಬಂದವು.

ಜಿಮ್ ಗೆಳೆಯ: ನಾನು ಹಗಲು ಮಲಗಿದ್ರೆ ಎದ್ದಮೇಲೆ ಇನ್ನೂ ಮಂಕು. ಎಲ್ಲರಿಗೂ ಆಗಿಬರಲ್ಲ ಅನ್ಸುತ್ತೆ.

ಎರಡು ಮಕ್ಕಳ ತಾಯಿ: ಎಷ್ಟು ಹೊತ್ತು ಮಲಗ್ತೀರಿ? ಒಂದು ಗಂಟೆ ದಾಟಿದ್ರೆ ನನಗೂ ಹಾಗೇ ಆಗುತ್ತೆ.